ಮೂರು ದರದ ಹಲಗೆ

ನಮ್ಮ ವಾಚನಾಲಯಕ್ಕೆ ಸಂಜೆ ಬರುವವರಲ್ಲಿ ಸಣ್ಣಪುಟ್ಟ ಸೇವೆಯ ಕಸುಬು ನಡೆಸುವ ಹಲವರಿದ್ದಾರೆ. ಒಬ್ಬರು ಹೊಲಿಗೆ ಹೊಲಿಯುತ್ತಾರೆ, ಒಬ್ಬರು ಮಕ್ಕಳಿಗೆ ಪಾಠ ಹೇಳುತ್ತಾರೆ, ಮತ್ತೊಬ್ಬರು ಊರಿಂದ ಬರುವ ಕನ್ನಡ ಯಾತ್ರಿಕರಿಗೆ ಕಾಶಿಯನ್ನು ತೋರಿಸುತ್ತಾರೆ. ಇವರೆಲ್ಲರ ತೊಡಕೂ ಒಂದೇ: ಎಷ್ಟು ಕೇಳಬೇಕು? ಅಂಗಡಿಯ ಸಾಮಾನಿಗಾದರೆ ಕೊಂಡ ಬೆಲೆಯೊಂದಿರುತ್ತದೆ, ಅದರ ಮೇಲೆ ಲಾಭ ಹಾಕಬಹುದು. ಸೇವೆಗೆ ಕೊಂಡ ಬೆಲೆಯಿಲ್ಲ. ಇರುವುದು ಕೈಯಿಂದ ಬೀಳುವ ಖರ್ಚು ಮತ್ತು ನಮ್ಮ ಹೊತ್ತು. ಎಲ್ಲ ಕಸುಬುಗಳ ಮಾತನ್ನೂ ಒಟ್ಟಿಗೆ ಎತ್ತಿಕೊಂಡರೆ ಯಾವುದೂ ತಿಳಿಯಾಗದು. ಆದುದರಿಂದ ಯಾತ್ರಿಕರಿಗೆ ಊರು ತೋರಿಸುವವರ ಕಸುಬನ್ನೇ ಹಿಡಿದು, ಒಂದರ ಬದಲು ಮೂರು ದರ ಇಡುವುದರ ಲೆಕ್ಕವನ್ನು ಇಲ್ಲಿ ನೋಡೋಣ. ಕೆಳಗೆ ಬರುವ ಖರ್ಚಿನ ಅಂಕಿಗಳು ಲೆಕ್ಕ ತೋರಿಸುವುದಕ್ಕಾಗಿ ಹಿಡಿದವು; ಅವರವರ ನಿಜವಾದ ಖರ್ಚನ್ನು ಅವರವರೇ ಹಾಕಿಕೊಳ್ಳತಕ್ಕದ್ದು.

ಕರ್ನಾಟಕ ಘಾಟಿನ ಬಳಿಯಲ್ಲೋ ಜಂಗಮವಾಡಿಯ ಮಠದ ಸುತ್ತಿನಲ್ಲೋ ಇಳಿದುಕೊಂಡ ನಾಲ್ವರ ಕುಟುಂಬವೊಂದು, ಕನ್ನಡ ಬಲ್ಲವರು ಯಾರಾದರೂ ಊರು ತೋರಿಸುತ್ತಾರೆಯೇ ಎಂದು ವಿಚಾರಿಸುತ್ತದೆ ಎಂದಿಟ್ಟುಕೊಳ್ಳಿ. ತೋರಿಸುವವರು ಒಂದೇ ದರ ಹೇಳುತ್ತಾರೆ: ದೇವಸ್ಥಾನಗಳು, ದೋಣಿ, ಸಂಜೆಯ ಗಂಗಾರತಿ ಎಲ್ಲ ಸೇರಿ 1,900 ರೂಪಾಯಿ. ಒಂದೇ ದರ ಕೇಳಿದ ಮನುಷ್ಯನ ಮುಂದೆ ಇರುವ ದಾರಿ ಎರಡೇ, ಹೂಂ ಅನ್ನುವುದು ಅಥವಾ ಊಹೂಂ ಅನ್ನುವುದು. ಅದು ಹೆಚ್ಚೋ ಕಡಿಮೆಯೋ ಎಂದು ತೂಗಲು ಅವನ ಬಳಿ ತಕ್ಕಡಿಯ ಇನ್ನೊಂದು ತಟ್ಟೆಯೇ ಇಲ್ಲ. ಅದಕ್ಕಾಗಿಯೇ ಅವನು ಚೌಕಾಸಿಗೆ ಇಳಿಯುತ್ತಾನೆ. ಎರಡನೆಯ ದರವನ್ನು ನಾವು ಕೊಡದಿದ್ದಾಗ ಅವನೇ ಒಂದನ್ನು ಹುಟ್ಟಿಸಿಕೊಳ್ಳುತ್ತಾನೆ, ಚೌಕಾಸಿಯೆಂದರೆ ಅದೇ.

ಮೂರು ದರ ಮುಂದಿಟ್ಟಾಗ ಜನ ಏನು ಮಾಡುತ್ತಾರೆ ಎಂಬುದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಸೈಮನ್‌ಸನ್ ಮತ್ತು ಟ್ವೆರ್ಸ್ಕಿ ಎಂಬ ಇಬ್ಬರು ವಿದ್ವಾಂಸರು 1992ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಸುಮಾರು 170 ಡಾಲರಿನ ಮತ್ತು 240 ಡಾಲರಿನ ಎರಡು ಕ್ಯಾಮೆರಾಗಳನ್ನು ತೋರಿಸಿ ಯಾವುದು ಬೇಕೆಂದು ಕೇಳಿದರು. ಅರ್ಧ ಮಂದಿ ಅದನ್ನು, ಅರ್ಧ ಮಂದಿ ಇದನ್ನು ಆರಿಸಿದರು. ಬೇರೊಂದು ಗುಂಪಿಗೆ ಇವೆರಡರ ಜೊತೆಗೆ 470 ಡಾಲರಿನ ಮೂರನೆಯದನ್ನೂ ತೋರಿಸಿದರು. ಆಗ ಅಗ್ಗದ್ದನ್ನು ಆರಿಸಿದವರು ನೂರಕ್ಕೆ 22 ಮಂದಿ, ನಡುವಣದನ್ನು 57, ದುಬಾರಿಯದನ್ನು 21. ನಡುವಣ ಕ್ಯಾಮೆರಾ ಬದಲಾಗಲಿಲ್ಲ, ಅದರ ಬೆಲೆಯೂ ಬದಲಾಗಲಿಲ್ಲ. ಅದರ ಅಕ್ಕಪಕ್ಕ ಮಾತ್ರ ಬದಲಾಯಿತು. ತೀರ ಅಗ್ಗದ್ದು ಕೊಂಡು ಪೇಚಾಡುವ ಭಯವೂ ತೀರ ದುಬಾರಿ ತೆತ್ತು ಮೋಸಹೋಗುವ ಭಯವೂ ಎರಡೂ ನಡುವಿನಲ್ಲಿ ಕಡಿಮೆ.

ಇದಕ್ಕೆ ಮಿತಿಯೂ ಉಂಟು. ಆ ಪರೀಕ್ಷೆಯಲ್ಲಿ ಜನ ಕಾಗದದ ಮೇಲೆ ಆರಿಸಿದರೇ ಹೊರತು ಜೇಬಿನಿಂದ ಹಣ ಎಣಿಸಲಿಲ್ಲ. ಅಲ್ಲದೆ ತನಗೆ ಬೇಕಾದುದೇನೆಂದು ಮೊದಲೇ ಬಲ್ಲವನನ್ನು ನಡುವಣ ದರ ಎಳೆಯಲಾರದು. ಮೂರನೆಯ ಸಲ ಕಾಶಿಗೆ ಬಂದ ಅಜ್ಜಿಯ ಮುಂದೆ ಎಷ್ಟು ದರದ ಹಲಗೆ ಹಿಡಿದರೂ ಆಕೆ ಕೇದಾರೇಶ್ವರನ ದರ್ಶನವೊಂದು ಸಾಕು ಎಂದರೆ ಸಾಕು. ಮೂರು ದರ ನೆರವಾಗುವುದು ಹೊಸಬರಿಗೆ. ಯಾತ್ರಿಕರಲ್ಲಿ ಹೆಚ್ಚಿನವರು ಹೊಸಬರೇ ಆದುದರಿಂದ ಈ ಕಸುಬಿಗೆ ಅದು ಹೊಂದುತ್ತದೆ.

ಈಗ ಮೂರನ್ನೂ ಕಟ್ಟೋಣ. ಮೊದಲನೆಯದು ನಾಲ್ಕು ಗಂಟೆಯ ದರ್ಶನ: ವಿಶ್ವನಾಥ, ಅನ್ನಪೂರ್ಣೆ, ವಿಶಾಲಾಕ್ಷಿ, ಕಾಲಭೈರವ. ಇ-ರಿಕ್ಷಾದ ಬಾಡಿಗೆ 200 ರೂಪಾಯಿ ಕೈಯಿಂದ ಬೀಳುತ್ತದೆ. ಎರಡನೆಯದು ಏಳು ಗಂಟೆಯದು: ಇದೇ ದರ್ಶನದೊಂದಿಗೆ ಬೆಳಿಗ್ಗೆ ಘಾಟುಗಳ ಉದ್ದಕ್ಕೂ ದೋಣಿ, ಸಂಜೆ ದಶಾಶ್ವಮೇಧದಲ್ಲಿ ಆರತಿ. ರಿಕ್ಷಾಕ್ಕೆ 300, ದೋಣಿಗೆ 500, ಒಟ್ಟು ಖರ್ಚು 800. ಮೂರನೆಯದು ಹನ್ನೊಂದು ಗಂಟೆಯ ಇಡೀ ದಿನ: ಇವೆಲ್ಲದರ ಮೇಲೆ ಮೋಟಾರಿನಲ್ಲಿ ಸಾರನಾಥ ಮತ್ತು ವಿಶ್ವವಿದ್ಯಾಲಯದ ಆವರಣದ ವಿಶ್ವನಾಥ ಮಂದಿರ. ಮೋಟಾರಿಗೆ 1,600, ದೋಣಿಗೆ 500, ಒಟ್ಟು 2,100.

ಇಲ್ಲಿ ಬಹಳ ಮಂದಿ ದರ ಹಾಕುವುದು ಮನಸ್ಸಿಗೆ ತೋರಿದಂತೆ. ಮೊದಲನೆಯದಕ್ಕೆ 800 ಎಂದು ಹಾಕಿ, ನಡುವಣದನ್ನು ಜನ ಕೊಳ್ಳಲಿ ಎಂಬ ಆಸೆಯಿಂದ ಅದಕ್ಕೆ 1,500 ಎಂದು ಹಾಕಿಬಿಡುತ್ತಾರೆ. ಗಿರಣಿಯಲ್ಲಿ ದಿನವಿಡೀ ಖಾತೆ ಬರೆಯುವ ನನ್ನಂಥವನಿಗೆ ಮೊದಲು ಕಾಣುವುದು ಇಲ್ಲಿಯ ತೂತು. ಮೊದಲನೆಯದರಲ್ಲಿ 800ರಿಂದ 200 ಕಳೆದರೆ ಉಳಿಯುವುದು 600. ನಾಲ್ಕು ಗಂಟೆಗೆ ಹಂಚಿದರೆ ಗಂಟೆಗೆ 150. ನಡುವಣದರಲ್ಲಿ 1,500ರಿಂದ 800 ಕಳೆದು 700. ಏಳು ಗಂಟೆಗೆ ಹಂಚಿದರೆ ಗಂಟೆಗೆ ಬರೇ 100. ಎಲ್ಲರನ್ನೂ ನಡುವಿಗೆ ಸೆಳೆಯುವುದರಲ್ಲಿ ಗೆದ್ದಷ್ಟೂ ಈತ ಸೋಲುತ್ತಾನೆ. ದುಡಿಮೆ ಹೆಚ್ಚುತ್ತದೆ, ಚೀಲವೂ ತುಂಬಿದಂತೆ ಕಾಣುತ್ತದೆ, ತಿಂಗಳ ಕೊನೆಗೆ ಮಾತ್ರ ಏಕೆ ಕೈಗೆ ಏನೂ ಹತ್ತಲಿಲ್ಲ ಎಂದು ತಿಳಿಯುವುದಿಲ್ಲ.

ಆದುದರಿಂದ ಮೆಟ್ಟಿಲು ಏರಿದ ಹಾಗೆ ಗಂಟೆಯ ಉಳಿಕೆ ಇಳಿಯಬಾರದು; ಕೊಂಚ ಏರಿದರೆ ಒಳ್ಳೆಯದು. ನಡುವಣದಕ್ಕೆ 1,900 ಇಟ್ಟರೆ ಉಳಿಯುವುದು 1,100, ಗಂಟೆಗೆ 157. ಮೂರನೆಯದಕ್ಕೆ 3,900 ಇಟ್ಟರೆ ಉಳಿಯುವುದು 1,800, ಗಂಟೆಗೆ ಸುಮಾರು 164. ಈಗ ಯಾತ್ರಿಕನು ಯಾವುದನ್ನು ಆರಿಸಿದರೂ ತೋರಿಸುವವನಿಗೆ ನಷ್ಟವಿಲ್ಲ, ಅದಕ್ಕಾಗಿಯೇ ಒತ್ತಾಯ ಮಾಡುವ ಅವಶ್ಯಕತೆಯೂ ಇಲ್ಲ. ಒಂದನೆಯದರಿಂದ ಎರಡನೆಯದಕ್ಕೆ ಅಂತರ 1,100, ಎರಡರಿಂದ ಮೂರಕ್ಕೆ 2,000. ಮೇಲಿನ ಮೆಟ್ಟಿಲು ಎತ್ತರವಾಗಿಯೂ ಕೆಳಗಿನದು ತಗ್ಗಾಗಿಯೂ ಇದ್ದರೆ ಕಾಲು ಸಲೀಸಾಗಿ ನಡುವಿಗೆ ಏರುತ್ತದೆ. ಮೇಲೆ ಹೇಳಿದ ಕ್ಯಾಮೆರಾಗಳ ಬೆಲೆಯನ್ನು ಇನ್ನೊಮ್ಮೆ ನೋಡಿದರೆ ಅಲ್ಲಿಯೂ ಹೀಗೆಯೇ ಇರುವುದು ಕಾಣುತ್ತದೆ.

ಮೂರು ದರದಿಂದ ನಿಜವಾಗಿ ಲಾಭವಾಗುತ್ತದೆಯೇ? ಯಾವಾಗಲೂ ಆಗುತ್ತದೆ ಎಂದು ಹೇಳುವವರ ಮಾತನ್ನು ನಂಬಬೇಡಿ. ಹತ್ತು ಕುಟುಂಬ ವಿಚಾರಿಸಿದವು ಎನ್ನಿ. ಒಂದೇ ದರ 1,900 ಇದ್ದಾಗ ಐವರು ಒಪ್ಪಿದರು, ಐವರು ಹೊರಟುಹೋದರು. ಉಳಿಕೆ ಐದು ಸಲ 1,100, ಅಂದರೆ 5,500. ಈಗ ಮೂರು ದರ ಇಟ್ಟರು. ಒಪ್ಪುತ್ತಿದ್ದ ಐವರಲ್ಲಿ ಮೂವರು ನಡುವಿನಲ್ಲಿಯೇ ನಿಂತರು, ಒಬ್ಬರು ಮೇಲಕ್ಕೆ ಹೋದರು, ಒಬ್ಬರು ಕೆಳಕ್ಕೆ ಇಳಿದರು. ಹೊರಟುಹೋಗುತ್ತಿದ್ದ ಐವರಲ್ಲಿ ಇಬ್ಬರು ಮೊದಲನೆಯದನ್ನು ಹಿಡಿದರು. ಲೆಕ್ಕ ಹೀಗಾಗುತ್ತದೆ: ಮೊದಲನೆಯದು ಮೂರು ಸಲ 600, ಅಂದರೆ 1,800; ನಡುವಣದು ಮೂರು ಸಲ 1,100, ಅಂದರೆ 3,300; ಮೇಲಿನದು ಒಂದು, 1,800. ಒಟ್ಟು 6,900. ಹಿಂದಿಗಿಂತ 1,400 ಹೆಚ್ಚು, ಒಂಬತ್ತು ಗಂಟೆ ಹೆಚ್ಚು ದುಡಿದದ್ದಕ್ಕೆ.

ಆದರೆ ಹೀಗೂ ಆಗಬಹುದು. ಒಪ್ಪುತ್ತಿದ್ದ ಐವರಲ್ಲಿ ಮೂವರು ಕೆಳಗಿನದಕ್ಕೆ ಜಾರಿದರು, ಮೇಲಕ್ಕೆ ಯಾರೂ ಹೋಗಲಿಲ್ಲ. ಹೊಸ ಇಬ್ಬರನ್ನು ಸೇರಿಸಿ ಮೊದಲನೆಯದು ಐದು ಸಲ 600, ಅಂದರೆ 3,000. ನಡುವಣದು ಎರಡು, 2,200. ಒಟ್ಟು 5,200. ಏಳು ಕುಟುಂಬಗಳಿಗೆ ಸೇವೆ ಸಂದಿತು, ಐದು ಕುಟುಂಬಗಳ ಹಣವೂ ಬರಲಿಲ್ಲ. ಗಲ್ಲಿಗಲ್ಲಿಯಲ್ಲಿ ಹೆಚ್ಚು ಜನರೊಡನೆ ಓಡಾಡಿದ್ದರಿಂದ ಕಸುಬು ಬೆಳೆಯಿತೆಂಬ ಭ್ರಮೆ ಬೇರೆ. ಇದನ್ನು ತಿಳಿಯಲು ಒಂದೇ ಉಪಾಯ: ನೋಟುಬುಕ್ಕಿನಲ್ಲಿ ನಾಲ್ಕು ಕಲಮು ಗೆರೆ ಎಳೆದು, ಯಾರು ಯಾವುದನ್ನು ಹಿಡಿದರು ಎಂಬುದನ್ನೂ ನಾಲ್ಕನೆಯದರಲ್ಲಿ ಕೇಳಿ ಹೊರಟುಹೋದವರನ್ನೂ ಬರೆಯುತ್ತ ಹೋಗುವುದು. ನಾಲ್ಕನೆಯ ಕಲಮನ್ನು ಯಾರೂ ಬರೆಯುವುದಿಲ್ಲ, ಮುಖ್ಯವಾದುದು ಅದೇ.

ಮೊದಲನೆಯ ಕಲಮು ಅರ್ಧಕ್ಕಿಂತ ಹೆಚ್ಚು ತುಂಬಿದರೆ, ಕೆಳಗಿನ ದರದಲ್ಲಿ ಕೊಡುವುದು ಬಹಳವಾಗಿದೆ, ಇಲ್ಲವೆ ನಡುವಣದಕ್ಕೆ ಸೇರಿಸಿದ ವಸ್ತು ಜನರಿಗೆ ಬೇಡವಾಗಿದೆ. ಎರಡನೆಯ ಕಾರಣವನ್ನು ಮೊದಲು ಪರೀಕ್ಷಿಸಬೇಕು. ಊರು ತೋರಿಸುವವನಿಗೆ ದೋಣಿ ದೊಡ್ಡದಾಗಿ ಕಾಣುತ್ತದೆ. ಆದರೆ ಎಪ್ಪತ್ತು ವರ್ಷದ ತಾಯಿಯನ್ನು ಕರೆತಂದ ಮಗನಿಗೆ ಬೇಕಾದುದು ದೋಣಿಯಲ್ಲ, ನಡಿಗೆ ಕಡಿಮೆಯಾಗುವುದು. ಗಲ್ಲಿಗಳೊಳಗೆ ಕಾಲ್ನಡಿಗೆಯೇ ಗತಿ. ಹಾಗಿರುವಾಗ ನಡುವಣ ದರದಲ್ಲಿ ದರ್ಶನವನ್ನು ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು ಎಂದು ಎರಡಾಗಿ ಹಂಚಿ, ನಡುವೆ ಇಳಿದುಕೊಂಡಲ್ಲಿಗೆ ಮರಳಿಸಿ ವಿಶ್ರಾಂತಿ ಕೊಡಿಸುತ್ತೇನೆಂದು ಬರೆದರೆ, ಆ ಒಂದು ಮಾತಿಗೇ ಮಗ 1,100 ಹೆಚ್ಚು ಕೊಟ್ಟಾನು. ಮೂರು ದರಗಳ ನಡುವಣ ವ್ಯತ್ಯಾಸ ಒಂದೇ ಉಸಿರಿನಲ್ಲಿ ಹೇಳುವಂತಿರಬೇಕು. ಹನ್ನೆರಡು ಸಣ್ಣ ಬಾಬ್ತುಗಳನ್ನು ಮೂರು ಸಾಲಿನಲ್ಲಿ ಹರಡಿದ ಹಲಗೆಯನ್ನು ನೋಡಿ ಯಾತ್ರಿಕನು ನಾಳೆ ಹೇಳುತ್ತೇನೆ ಎಂದು ಹೋದರೆ ಆ ನಾಳೆ ಬರುವುದಿಲ್ಲ.

ಮೂರನೆಯ ಕಲಮು ಬಹುಪಾಲು ಖಾಲಿಯಿದ್ದರೆ ಗಾಬರಿಪಡಬೇಕಾದುದಿಲ್ಲ. ಅದು ಮಾರಾಟವಾಗದೆಯೂ ನಡುವಣದಕ್ಕೆ ಅಳತೆಗೋಲಾಗಿ ನಿಂತಿರುತ್ತದೆ. ಆದರೆ ಕೇಳಿದವರಿಗೆ ಅದನ್ನು ನಿಜವಾಗಿ ನಡೆಸಿಕೊಡುವ ಶಕ್ತಿ ಇರಲೇಬೇಕು. ತೋರಿಕೆಗಾಗಿ ಬರೆದು, ಒಬ್ಬರು ಒಪ್ಪಿದಾಗ ಮೋಟಾರು ಸಿಗಲಿಲ್ಲ ಎನ್ನುವುದು ಮೋಸ.

ಕೆಳಗಿನ ದರದ ವಿಷಯದಲ್ಲಿ ಹಳೆಯ ಮಾತೊಂದಿದೆ. ಫ್ರಾನ್ಸ್ ದೇಶದಲ್ಲಿ ರೈಲು ಹೊಸದಾಗಿ ಬಂದ ಕಾಲದಲ್ಲಿ ಮೂರನೆಯ ತರಗತಿಯ ಬಂಡಿಗಳಿಗೆ ಸೂರು ಇರಲಿಲ್ಲ. ಡ್ಯೂಪ್ವಿ ಎಂಬ ಇಂಜಿನಿಯರು 1849ರಲ್ಲಿ ಇದರ ಗುಟ್ಟನ್ನು ಬಿಡಿಸಿ ಬರೆದನು. ಸೂರು ಹಾಕಲು ಹಣವಿಲ್ಲದೆ ಹಾಗೆ ಬಿಟ್ಟದ್ದಲ್ಲ. ಎರಡನೆಯ ತರಗತಿಯ ದರ ಕೊಡಬಲ್ಲವನು ಮೂರನೆಯದಕ್ಕೆ ಇಳಿಯದಿರಲಿ ಎಂದು ಹಾಗೆ ಮಾಡಿದ್ದು. ಉಳ್ಳವನನ್ನು ಹೆದರಿಸಲು ಇಲ್ಲದವನು ಮಳೆಯಲ್ಲಿ ನೆನೆಯಬೇಕಾಯಿತು. ನಮ್ಮ ದೇಶದ ರೈಲಿನಲ್ಲಿಯೂ ಮೂರನೆಯ ತರಗತಿ ಎಂಬುದು 1974ರವರೆಗೆ ಇತ್ತು. ಅದು ಹೋಗಿ ಇಷ್ಟು ಕಾಲವಾದರೂ, ಒಳ್ಳೆಯದಲ್ಲದ್ದನ್ನು ಜನ ಇವತ್ತಿಗೂ ಥರ್ಡ್ ಕ್ಲಾಸ್ ಎಂದೇ ಬಯ್ಯುತ್ತಾರೆ.

ಇದರಿಂದ ನಮ್ಮ ಕಸುಬಿಗೆ ಎರಡು ವಿಷಯ ದೊರೆಯುತ್ತವೆ. ಕೆಳಗಿನ ದರದಿಂದ ಏನನ್ನಾದರೂ ಕಡಿಮೆ ಮಾಡಲೇಬೇಕು, ಇಲ್ಲವಾದರೆ ಮೇಲಕ್ಕೆ ಯಾರೂ ಏರರು. ಆದರೆ ಯಾತ್ರಿಕನು ಯಾವುದಕ್ಕಾಗಿ ಊರಿಂದ ಬಂದನೋ ಅದನ್ನು ಕಡಿಮೆ ಮಾಡಕೂಡದು. ಕಾಶಿಗೆ ಬಂದವನಿಗೆ ವಿಶ್ವನಾಥನ ದರ್ಶನ ಮೂರು ದರದಲ್ಲಿಯೂ ಇರತಕ್ಕದ್ದು. ಕಡಿಮೆ ಮಾಡುವುದಿದ್ದರೆ ಹೊತ್ತನ್ನು, ವಾಹನವನ್ನು, ದೋಣಿಯನ್ನು ಕಡಿಮೆ ಮಾಡಲಿ. ವಿಶ್ವನಾಥ ದೇವಸ್ಥಾನದವರು ಮಾಡಿರುವುದೂ ಹೀಗೆಯೇ. ಸಾಲಿನಲ್ಲಿ ನಿಂತವನಿಗೆ ದರ್ಶನ ಪುಕ್ಕಟೆ, ಶುಲ್ಕ ಕೊಟ್ಟವನಿಗೆ ಸುಗಮ ದರ್ಶನ. ಇಬ್ಬರೂ ನೋಡುವ ದೇವರು ಒಂದೇ, ಉಳಿಯುವುದು ಹೊತ್ತು. ಎರಡನೆಯದಾಗಿ ಹೆಸರು. ಕೆಳಗಿನದಕ್ಕೆ ಸಾಧಾರಣ, ಕನಿಷ್ಠ ಎಂದೆಲ್ಲ ಹೆಸರಿಟ್ಟರೆ ಅದನ್ನು ಹಿಡಿಯಬೇಕಾದವನು ನೆಂಟರಿಷ್ಟರ ಮುಂದೆ ನಾಚಿ ಯಾವುದನ್ನೂ ಹಿಡಿಯದೆ ಹೋಗುತ್ತಾನೆ. ಕಾಶಿ ದರ್ಶನ, ದರ್ಶನ ಮತ್ತು ಗಂಗೆ, ಪೂರ್ಣ ಕಾಶಿ ಎಂದರೆ ಯಾರ ಮಾನಕ್ಕೂ ಕುಂದಿಲ್ಲ.

ಇನ್ನು ಬೆಲೆಯ ಬಾಲದ ಮಾತು. ಬಾಟಾ ಅಂಗಡಿಯ 99ರ ಬೆಲೆಯನ್ನು ನೋಡಿ ನಗದವರಿಲ್ಲ. ಒಂದು ರೂಪಾಯಿ ಉಳಿಸಿಕೊಟ್ಟು ನಮ್ಮನ್ನು ಮರುಳು ಮಾಡುತ್ತಾರೆಯೇ ಎಂದು. ಆದರೂ ಅದು ಕೆಲವೆಡೆ ಕೆಲಸ ಮಾಡುತ್ತದೆ. ಆಂಡರ್ಸನ್ ಮತ್ತು ಸಿಮೆಸ್ಟರ್ ಎಂಬವರು 2003ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಅಂಚೆಯ ಮೂಲಕ ಮಾರುವ ಹೆಂಗಸರ ಉಡುಪೊಂದನ್ನು 34, 39, 44 ಡಾಲರ್ ಎಂದು ಬೇರೆ ಬೇರೆ ಬೆಲೆಪಟ್ಟಿಗಳಲ್ಲಿ ಅಚ್ಚು ಮಾಡಿಸಿದರು. ಹೆಚ್ಚು ಹೋದದ್ದು 39ರದು, ಅದಕ್ಕಿಂತ ಅಗ್ಗವಾದ 34ರದಲ್ಲ. ಏಕೆ ಎಂಬುದಕ್ಕೆ ಥಾಮಸ್ ಮತ್ತು ಮಾರ್ವಿಟ್ಸ್ ಎಂಬವರು 2005ರಲ್ಲಿ ಕೊಟ್ಟ ಉತ್ತರ ಸ್ವಾರಸ್ಯವಾಗಿದೆ. ಕಣ್ಣು ಎಡದಿಂದ ಓದುತ್ತ ಮೊದಲ ಅಂಕಿಯಲ್ಲಿಯೇ ತೀರ್ಮಾನ ಮಾಡಿಬಿಡುತ್ತದೆ. 3.00 ಹೋಗಿ 2.99 ಆದರೆ ಬೆಲೆ ಇಳಿದಂತೆ ತೋರುತ್ತದೆ, 3.60 ಹೋಗಿ 3.59 ಆದರೆ ಏನೂ ತೋರುವುದಿಲ್ಲ, ಎಡಗಡೆಯ ಅಂಕಿ ಬದಲಾಗಲಿಲ್ಲವಾದುದರಿಂದ.

ಇದನ್ನು ನಮ್ಮ ಹಲಗೆಗೆ ಹಚ್ಚಿ ನೋಡಿ. 800ನ್ನು 799 ಮಾಡಿದರೆ ಎಂಟು ಹೋಗಿ ಏಳು ಬಂದಿತು, ಫಲವಿರಬಹುದು. 1,900ನ್ನು 1,899 ಮಾಡಿದರೆ ಎಡಗಡೆಯ ಒಂದು ಒಂದಾಗಿಯೇ ಉಳಿಯಿತು. 3,900ನ್ನು 3,899 ಮಾಡಿದರೂ ಮೂರು ಮೂರೇ. ಒಂದು ರೂಪಾಯಿ ಬಿಟ್ಟದ್ದು ಬಿಟ್ಟಂತೆಯೇ ಆಯಿತು. 99 ಬೇಕೆನ್ನುವವನು 1,999, 3,999 ಎಂದು ಇಡಬೇಕು. 1,900ಕ್ಕೂ 1,999ಕ್ಕೂ ಎಡಗಡೆಯ ಅಂಕಿ ಒಂದೇ, ಜೇಬಿಗೆ ಮಾತ್ರ 99 ಹೆಚ್ಚು.

ಆದರೂ ಊರು ತೋರಿಸುವವರಿಗೆ 99 ಬೇಡವೆಂದೇ ನನ್ನ ಅಭಿಪ್ರಾಯ. ಅವರ ದರ ಕಣ್ಣಿಗೆ ಬೀಳುವುದಕ್ಕಿಂತ ಹೆಚ್ಚಾಗಿ ಕಿವಿಗೆ ಬೀಳುತ್ತದೆ. ಹುಬ್ಬಳ್ಳಿಯಿಂದಲೋ ಶಿವಮೊಗ್ಗದಿಂದಲೋ ಫೋನಿನಲ್ಲಿ ಕೇಳಿದವರಿಗೆ ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಎಂದು ಹೇಳಿ ಮುಗಿಸುವುದರೊಳಗೆ, ಎರಡು ಸಾವಿರ ಅನ್ನಿ ಎಂದು ಆ ಕಡೆಯಿಂದಲೇ ಉತ್ತರ ಬರುತ್ತದೆ. ಇನ್ನೊಂದು ಕಾರಣವೂ ಇದೆ. ವಾಧ್ವಾ ಮತ್ತು ಜಾಂಗ್ ಎಂಬ ವಿದ್ವಾಂಸರು 2015ರಲ್ಲಿ ಕಂಡುಕೊಂಡಂತೆ, ಮನಸ್ಸಿನ ಭಾವದಿಂದ ಕೊಳ್ಳುವ ವಸ್ತುವಿಗೆ ಪೂರ್ಣಾಂಕದ ಬೆಲೆ ಒಪ್ಪುತ್ತದೆ, ಲೆಕ್ಕ ಹಾಕಿ ಕೊಳ್ಳುವುದಕ್ಕೆ ಬಿಡಿ ಅಂಕಿಯ ಬೆಲೆ ಒಪ್ಪುತ್ತದೆ. ಕಾಶಿಯಾತ್ರೆ ಯಾವ ಜಾತಿಗೆ ಸೇರಿದ್ದೆಂದು ಹೇಳಬೇಕಾದುದಿಲ್ಲ. ಬಟ್ಟೆ ಒಗೆದು ಇಸ್ತ್ರಿ ಮಾಡುವವರು, ಟೈಪು ಮಾಡಿಕೊಡುವವರು, ಗೋಡೆಗೆ ದರಪಟ್ಟಿ ತೂಗುಹಾಕುವ ಇಂಥವರು 49, 99 ಎಂದು ಬರೆದು ನೋಡಬಹುದು. ಹಿಂದೆ ಒಂದು ರೂಪಾಯಿ ಚಿಲ್ಲರೆ ಕೊಡುವುದೇ ಒಂದು ಪೀಕಲಾಟವಾಗಿತ್ತು. ಈಗ ಮೊಬೈಲಿನಿಂದ ಹಣ ಕಳಿಸುವವರಿಗೆ ಆ ತೊಂದರೆಯಿಲ್ಲ.

ಕೊನೆಗೆ ಒಂದರಲ್ಲಿ ಮುಗಿಯುವ ಅಂಕಿ. 51, 101, 501 ನಮ್ಮ ಮನೆಗಳ ಮುಯ್ಯಿಗೂ ಇಲ್ಲಿನ ಘಾಟುಗಳ ದಕ್ಷಿಣೆಗೂ ಬಳಕೆಯಾದ ಅಂಕಿಗಳು. ಶುಭವೆಂದು ಕೆಲವರು ತಮ್ಮ ದರವನ್ನೂ 1,101 ಎಂದು ಇಡುತ್ತಾರೆ. ಇದು ಸರಿಯಲ್ಲ. ದಕ್ಷಿಣೆ ಕೊಡುವವನ ಇಷ್ಟ, ದರ ಕೇಳುವವನ ಹಕ್ಕು. ದರವು ದಕ್ಷಿಣೆಯ ವೇಷ ಹಾಕಿದರೆ, 1,101 ಏಕೆ, 501 ತೆಗೆದುಕೊಳ್ಳಿ ಎಂದು ಯಾತ್ರಿಕನು ಧಾರಾಳವಾಗಿ ಹೇಳಬಲ್ಲ. ಪುರೋಹಿತರ ದಕ್ಷಿಣೆ, ಪ್ರವೇಶದ ಶುಲ್ಕ ಇವು ಈ ದರದಲ್ಲಿ ಸೇರಿಲ್ಲವೆಂದು ಹಲಗೆಯ ಕೆಳಗೆ ಒಂದು ಸಾಲು ಬರೆದು, ದರವನ್ನು ಸೊನ್ನೆಯಲ್ಲಿಯೇ ಮುಗಿಸುವುದು ವಾಸಿ. ಮೂರಕ್ಕೂ ಒಂದೇ ಬಗೆಯ ಬಾಲವಿರಲಿ. 799, 1,900, 3,901 ಎಂದು ಬರೆದರೆ ಮೂರು ಜನ ಬೇರೆ ಬೇರೆ ಕಡೆ ಕುಳಿತು ಹಾಕಿದ ದರದಂತೆ ಕಾಣುತ್ತದೆ.

ಈ ಹಲಗೆ ವರ್ಷವಿಡೀ ನಡೆಯದು. ಮಳೆಗಾಲದಲ್ಲಿ ಗಂಗೆ ಏರಿದಾಗ ದೋಣಿಗಳನ್ನು ನಿಲ್ಲಿಸುತ್ತಾರೆ, ಘಾಟಿನ ಮೆಟ್ಟಿಲುಗಳು ಮುಳುಗುತ್ತವೆ. ಆಗ ನಡುವಣ ದರಕ್ಕೆ ಆಧಾರವಾದ ದೋಣಿಯೇ ಇಲ್ಲ. ಅದೇ 1,900 ಕೇಳಿದರೆ ಯಾತ್ರಿಕನು ಕೆಳಗಿನದಕ್ಕೆ ಜಾರುತ್ತಾನೆ, ಜಾರಬೇಕಾದದ್ದೇ. ದೋಣಿಯ 500 ಉಳಿಯುತ್ತದೆ. ಅದರ ಬದಲು ಸಂಕಟಮೋಚನ, ದುರ್ಗಾಕುಂಡ, ತುಲಸೀ ಮಾನಸ ಮಂದಿರಗಳಿಗೆ ರಿಕ್ಷಾದಲ್ಲಿ ಕರೆದೊಯ್ದರೆ 200 ಹೆಚ್ಚು ಬೀಳುತ್ತದೆ. ಖರ್ಚು 800 ಹೋಗಿ 500 ಆಯಿತು. ದರವನ್ನು 1,600ಕ್ಕೆ ಇಳಿಸಿದರೂ ಉಳಿಕೆ ಮೊದಲಿನ 1,100ವೇ. ಮೇಲಿನದನ್ನೂ ಇದೇ ಲೆಕ್ಕದಲ್ಲಿ 3,600ಕ್ಕೆ ಇಳಿಸಬಹುದು. ಕೆಳಗಿನದರಲ್ಲಿ ದೋಣಿ ಇರಲಿಲ್ಲವಾದುದರಿಂದ ಅದು 800 ಆಗಿಯೇ ಇರುತ್ತದೆ. ಹಲಗೆಯ ಮೇಲೆ ಆ ಎರಡು ಅಂಕಿಗಳನ್ನು ಸುಣ್ಣದ ಬಳಪದಲ್ಲಿ ಬರೆದಿದ್ದರೆ ಅಳಿಸುವುದೂ ಸುಲಭ, ನೀರು ಇಳಿದ ಮೇಲೆ ತಿರುಗಿ ಬರೆಯುವುದೂ ಸುಲಭ.